ಗರಿಷ್ಠ 34, ಸರಾಸರಿ 56: ಲೆಕ್ಕ ಸರಿಯಾಗಿಯೇ ಇದೆ

*ಮಾನ್ಯ ಸಂಪಾದಕರೇ, ನಮ್ಮೂರ ಮೈದಾನದಲ್ಲಿ ನಡೆದ ಎಂಟು ಓವರ್‌ಗಳ ಟೆನಿಸ್ ಬಾಲ್ ಟೂರ್ನಿಯಲ್ಲಿ ನನ್ನ ಅಕ್ಕನ ಮಗ ಐದು ಪಂದ್ಯ ಆಡಿ 112 ರನ್ ಹೊಡೆದ. ಒಂದರಲ್ಲೂ 34 ದಾಟಲಿಲ್ಲ. ಆದರೂ ಸರಾಸರಿ 56 ಎಂದು ಬರೆದು ಅವನಿಗೇ ಉತ್ತಮ ಬ್ಯಾಟ್ಸ್‌ಮನ್ ಟ್ರೋಫಿ ಕೊಟ್ಟರು. ಔಟಾಗದೆ ಉಳಿದರೆ ಸರಾಸರಿ ಏರುತ್ತದಂತೆ, ಅದು ಹೇಗೆ? ಇನ್ನೊಂದು ತಂಡದ ಹುಡುಗ 96 ಹೊಡೆದಿದ್ದ. ಅವನ ಸ್ಟ್ರೈಕ್ ರೇಟ್ 160, ಟ್ರೋಫಿ ಅವನಿಗೇ ಸಲ್ಲಬೇಕಿತ್ತು ಎಂದು ಅವನ ಕಡೆಯವರು ವಾದ ಮಾಡಿದರು. ಈ ಸ್ಟ್ರೈಕ್ ರೇಟ್ ಅಳೆಯುವುದಾದರೂ ಏನನ್ನು? ಸ್ಕೋರ್ ಪುಸ್ತಕದ ಪುಟಗಳ ನಕಲು ಜೊತೆಗಿಟ್ಟಿದ್ದೇನೆ.*
*— ಓದುಗರೊಬ್ಬರು, ಮೂರ್ನಾಡು*

ನೀವು ಸ್ಕೋರ್ ಪುಟಗಳನ್ನೇ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅವನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತೇನೆ.

ಬ್ಯಾಟಿಂಗ್ ಸರಾಸರಿ ತೆಗೆಯುವಾಗ ಒಟ್ಟು ರನ್ನನ್ನು ಆಡಿದ ಇನ್ನಿಂಗ್ಸ್‌ನಿಂದ ಭಾಗಿಸುವುದಿಲ್ಲ, ಎಷ್ಟು ಸಲ ಔಟಾದ ಎಂಬುದರಿಂದ ಭಾಗಿಸುತ್ತಾರೆ. ನಿಮ್ಮ ಅಕ್ಕನ ಮಗ ಐದರಲ್ಲಿ ಎರಡೇ ಸಲ ಔಟಾಗಿದ್ದಾನೆ. 112ನ್ನು 2ರಿಂದ ಭಾಗಿಸಿದರೆ 56. ನೀವು ನಿರೀಕ್ಷಿಸಿದ್ದು 112ನ್ನು 5ರಿಂದ ಭಾಗಿಸಿ ಬರುವ 22.4. ಅದೂ ಸುಳ್ಳು ಲೆಕ್ಕವಲ್ಲ, ಆದರೆ ಅದು ಕೇಳುವ ಪ್ರಶ್ನೆಯೇ ಬೇರೆ. ಸರಾಸರಿ ಕೇಳುವುದು ಇಷ್ಟೇ: ಈ ಹುಡುಗನನ್ನು ಒಂದು ಸಲ ಔಟ್ ಮಾಡಬೇಕಾದರೆ ಎದುರಾಳಿಗಳು ಎಷ್ಟು ರನ್ ತೆರಬೇಕು? ಎರಡು ಸಲ ಔಟ್ ಮಾಡಲು 112 ತೆತ್ತಿದ್ದಾರೆ, ಹಾಗಾಗಿ ಒಂದು ಸಲಕ್ಕೆ 56.

ನಾಟೌಟ್ ಆದ ಇನ್ನಿಂಗ್ಸನ್ನು ಭಾಜಕದಿಂದ ಬಿಡುವುದಕ್ಕೆ ಕಾರಣವಿದೆ. ಓವರ್ ಮುಗಿದಿದ್ದರಿಂದಲೋ ಗೆಲುವಿನ ರನ್ ಬಂದಿದ್ದರಿಂದಲೋ ಆಟ ನಿಂತಿದೆ, ಅವನ ಬ್ಯಾಟಿಂಗ್ ಮುಗಿದಿಲ್ಲ. ಅರ್ಧ ಕೊಯ್ದ ತೋಟದ ಕಾಫಿಯನ್ನು ತೂಗಿ ‘ಎಕರೆಗೆ ಬಂದ ಫಸಲು ಇಷ್ಟೇ’ ಎಂದು ಯಾರೂ ಬರೆದಿಡುವುದಿಲ್ಲವಲ್ಲ, ಹಾಗೆ. ರನ್‌ಗಳನ್ನು ಸೇರಿಸಿಕೊಂಡು, ಮುಂದಿನ ಸಲ ಅವನು ಔಟಾಗುವವರೆಗೆ ಲೆಕ್ಕವನ್ನು ತೆರೆದಿಡುತ್ತಾರೆ.

ನೀವು ಕಳಿಸಿದ ಪುಟಗಳಲ್ಲಿ ಇದು ಪಂದ್ಯದಿಂದ ಪಂದ್ಯಕ್ಕೆ ಹೇಗೆ ನಡೆದಿದೆ ನೋಡಿ. ಮೊದಲ ಪಂದ್ಯದಲ್ಲಿ 18ಕ್ಕೆ ಔಟ್, ಸರಾಸರಿ 18. ಎರಡನೆಯದರಲ್ಲಿ 34 ನಾಟೌಟ್: ಒಟ್ಟು 52, ಔಟಾದದ್ದು ಒಂದೇ ಸಲ, ಸರಾಸರಿ 52. ಮೂರನೆಯದರಲ್ಲಿ ಬರೀ 12, ಆದರೆ ನಾಟೌಟ್, ಸರಾಸರಿ 64ಕ್ಕೆ ಏರಿತು. ನಾಲ್ಕನೆಯದರಲ್ಲಿ 27 ಹೊಡೆದು ಔಟಾದ, ಸರಾಸರಿ 45.5ಕ್ಕೆ ಇಳಿಯಿತು. ಕೊನೆಯದರಲ್ಲಿ 21 ನಾಟೌಟ್, 56ಕ್ಕೆ ಬಂದು ನಿಂತಿತು. 12 ಹೊಡೆದಾಗ ಏರಿದ್ದು 27 ಹೊಡೆದಾಗ ಇಳಿದಿದೆ. ನಿಮ್ಮನ್ನು ಕಾಡಿದ್ದು ಇದೇ ಇರಬೇಕು. ಔಟಾದಾಗ, ಆವರೆಗಿನ ಸರಾಸರಿಗಿಂತ ಹೆಚ್ಚು ಹೊಡೆದಿದ್ದರೆ ಮಾತ್ರ ಅದು ಏರುತ್ತದೆ. ಔಟಾಗದಿದ್ದರೆ ಒಂದೇ ರನ್ ಹೊಡೆದರೂ ಏರುತ್ತದೆ, ಏಕೆಂದರೆ ಭಾಜಕ ಇದ್ದಲ್ಲೇ ಇರುತ್ತದೆ.

ಇನ್ನಿಂಗ್ಸ್ ಕಡಿಮೆಯಿದ್ದು ನಾಟೌಟ್ ಜಾಸ್ತಿಯಾದರೆ ಈ ಅಂಕಿ ಎಲ್ಲಿಗೆ ಬೇಕಾದರೂ ಹೋದೀತು. 1953ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದ ಆಸ್ಟ್ರೇಲಿಯಾ ತಂಡದಲ್ಲಿ ಬಿಲ್ ಜಾನ್‌ಸ್ಟನ್ ಎಂಬ ಬೌಲರ್ ಇದ್ದರು, ಬ್ಯಾಟಿಂಗ್‌ಗೆ ಬರುತ್ತಿದ್ದುದು ಕಟ್ಟಕಡೆಗೆ. ಆ ಪ್ರವಾಸದ ಪ್ರಥಮ ದರ್ಜೆ ಪಂದ್ಯಗಳ 17 ಇನ್ನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 102 ರನ್, ಔಟಾದದ್ದು ಒಮ್ಮೆ ಮಾತ್ರ. ಸರಾಸರಿ 102! ಹಾಗೆಂದು ನಾಟೌಟ್ ಎಂದರೆ ಬರೀ ಲಾಭ ಎನ್ನಲಾರೆ. ಕಣ್ಣು ಕೂತು ಚೆಂಡು ಬ್ಯಾಟಿನ ನಡುವಿಗೆ ಬರತೊಡಗಿದಾಗಲೇ ಓವರ್ ಮುಗಿಯುತ್ತದೆ, ಮುಂದಿನ ಪಂದ್ಯದಲ್ಲಿ ಮತ್ತೆ ಸೊನ್ನೆಯಿಂದ ಶುರು. ಯಾವ ಬ್ಯಾಟ್ಸ್‌ಮನ್ನಿಗಾದರೂ ಮೊದಲ ಕೆಲವು ಎಸೆತಗಳೇ ಹೆಚ್ಚು ಅಪಾಯದವು.

ಇನ್ನು ಸ್ಟ್ರೈಕ್ ರೇಟ್. ನೂರು ಎಸೆತಕ್ಕೆ ಎಷ್ಟು ರನ್ ಎಂಬುದನ್ನು ಅದು ಹೇಳುತ್ತದೆ, ಔಟಾದನೋ ಇಲ್ಲವೋ ಎಂಬುದು ಅದಕ್ಕೆ ಬೇಕಿಲ್ಲ. ನಿಮ್ಮ ಅಕ್ಕನ ಮಗ 112 ರನ್ನಿಗೆ 98 ಎಸೆತ ತೆಗೆದುಕೊಂಡಿದ್ದಾನೆ, ಸ್ಟ್ರೈಕ್ ರೇಟ್ 114.3. ಆ ಇನ್ನೊಬ್ಬ ಹುಡುಗ 96ಕ್ಕೆ ತೆಗೆದುಕೊಂಡದ್ದು 60 ಎಸೆತ, ಆದರೆ ಐದು ಪಂದ್ಯದಲ್ಲೂ ಔಟಾಗಿದ್ದಾನೆ. ಅವನ ಸರಾಸರಿ 19.2.

ಇಬ್ಬರಲ್ಲಿ ಯಾರು ಮೇಲು? ಇದಕ್ಕೆ ಇನ್ನೊಂದು ಸಂಖ್ಯೆಯನ್ನೂ ನೋಡಬೇಕು: ಎಷ್ಟು ಎಸೆತಕ್ಕೊಮ್ಮೆ ಔಟಾಗುತ್ತಾನೆ? ನಿಮ್ಮ ಹುಡುಗ 49 ಎಸೆತಕ್ಕೊಮ್ಮೆ, ಅವನು 12 ಎಸೆತಕ್ಕೊಮ್ಮೆ. ಎಂಟು ಓವರ್ ಎಂದರೆ 48 ಎಸೆತ. ಇಡೀ ತಂಡ ನಿಮ್ಮ ಹುಡುಗನ ಹಾಗೆ ಆಡಿದರೆ ಸುಮಾರು 55 ರನ್ ಆಗುತ್ತದೆ, ಒಂದು ವಿಕೆಟ್ ಬಿದ್ದರೂ ಬೀಳಬಹುದು. ಇಡೀ ತಂಡ ಆ ಹುಡುಗನ ಹಾಗೆ ಆಡಿದರೆ ಸುಮಾರು 77 ರನ್, ನಾಲ್ಕು ವಿಕೆಟ್. ಇರುವುದು ಹತ್ತು ವಿಕೆಟ್. ಇನ್ನೂ ಆರು ಉಳಿದವು! ಉಳಿದ ವಿಕೆಟ್‌ಗಳಿಗೆ ಕೊನೆಯಲ್ಲಿ ಯಾರೂ ರನ್ ಕೊಡುವುದಿಲ್ಲ. ಎಂಟು ಓವರ್ ಆಟದಲ್ಲಿ ವಿಕೆಟ್ ಧಾರಾಳ, ಎಸೆತಕ್ಕೆ ಬರ. ಆದ್ದರಿಂದ ಆ ಟೂರ್ನಿಯಲ್ಲಿ ಸ್ಟ್ರೈಕ್ ರೇಟಿಗೇ ಹೆಚ್ಚು ತೂಕ ಸಿಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಐದು ದಿನದ ಟೆಸ್ಟ್‌ನಲ್ಲಾದರೆ ಎಸೆತಗಳು ಬೇಕಾದಷ್ಟು, ವಿಕೆಟ್ ಹತ್ತೇ. 12 ಎಸೆತಕ್ಕೊಬ್ಬರು ಔಟಾಗುವ ತಂಡ 120 ಎಸೆತದಲ್ಲಿ, ಎಂದರೆ ಇಪ್ಪತ್ತು ಓವರಿಗೆ, ಗಂಟುಮೂಟೆ ಕಟ್ಟಬೇಕಾಗುತ್ತದೆ. ಅಲ್ಲಿ ನಿಮ್ಮ ಹುಡುಗನೇ ಆಸ್ತಿ.

ಸರಾಸರಿಯೊಂದನ್ನೇ ನೋಡಿದರೆ ಏನು ಕಾಣುವುದಿಲ್ಲ ಎಂಬುದಕ್ಕೆ 1975ರ ಮೊದಲ ವಿಶ್ವಕಪ್ ಸಾಕ್ಷಿ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರಿನಲ್ಲಿ 334 ಹೊಡೆಯಿತು. ಸುನಿಲ್ ಗವಾಸ್ಕರ್ ಕೊನೆವರೆಗೂ ಆಡಿ 174 ಎಸೆತದಲ್ಲಿ 36 ನಾಟೌಟ್. ಭಾರತ 3 ವಿಕೆಟಿಗೆ 132ರಲ್ಲಿ ನಿಂತು 202 ರನ್‌ಗಳಿಂದ ಸೋತಿತು, ಏಳು ವಿಕೆಟ್ ಹಾಗೇ ಉಳಿದಿದ್ದವು. ಆ ಇನ್ನಿಂಗ್ಸ್ ಸರಾಸರಿಗೆ 36 ರನ್ ಸೇರಿಸಿತು, ಭಾಜಕಕ್ಕೆ ಏನನ್ನೂ ಸೇರಿಸಲಿಲ್ಲ. ಸ್ಟ್ರೈಕ್ ರೇಟ್ ಮಾತ್ರ 20.7. ಟೆಸ್ಟ್‌ನಲ್ಲಿ ಅಷ್ಟು ದೊಡ್ಡ ಆಟಗಾರನ ವಿಷಯದಲ್ಲೂ ಹೀಗಾಗಬಹುದು.

ನಿಮ್ಮ ಹುಡುಗನ ಮೂರು ನಾಟೌಟ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆ 12, ಗುರಿ ಬೆನ್ನಟ್ಟಿ ಗೆದ್ದ ಪಂದ್ಯದ್ದು. ಓವರ್ ಇನ್ನೂ ಬಾಕಿಯಿತ್ತು, ಅಲ್ಲಿ ಅವಸರದ ಹೊಡೆತ ಬೇಕಿರಲಿಲ್ಲ. 34 ಹಾಗಲ್ಲ. ಮೊದಲು ಬ್ಯಾಟ್ ಮಾಡಿ, 48 ಎಸೆತದಲ್ಲಿ 31ನ್ನು ಅವನೊಬ್ಬನೇ ಆಡಿ, ತಂಡ ಎರಡೇ ವಿಕೆಟಿಗೆ 52ಕ್ಕೆ ನಿಂತು ಆ ಪಂದ್ಯ ಸೋತಿದೆ. ಟ್ರೋಫಿಯ ಲೆಕ್ಕದಲ್ಲಿ ಅವನಿಗೆ ಹೆಚ್ಚು ನೆರವಾದದ್ದು ಆ ಇನ್ನಿಂಗ್ಸೇ. ಇದನ್ನು ಅವನ ಜೊತೆ ಕೂತು ಮಾತಾಡಿ, ಅವನಿಗೆ ಉಪಯೋಗವಾಗುತ್ತದೆ.

ನಮ್ಮ ಜಿಲ್ಲೆಯ ಸ್ಕೋರರ್‌ಗಳಿಗೂ ಒಂದು ಮಾತು. ಹಾಕಿ ಪಂದ್ಯದಲ್ಲಿ ಗೋಲು ಬರೆದುಕೊಂಡರೆ ಸಾಕಾಗಬಹುದು, ಇಲ್ಲಿ ಪ್ರತಿ ಎಸೆತ ಯಾರ ಹೆಸರಿಗೆ ಎಂದು ಬರೆಯಬೇಕು. ವೈಡ್ ಅನ್ನು ಬ್ಯಾಟ್ಸ್‌ಮನ್ ಆಡಿದ ಎಸೆತವಾಗಿ ಹಿಡಿಯಬಾರದು, ಹಿಡಿದರೆ ಅವನ ಸ್ಟ್ರೈಕ್ ರೇಟ್ ಸುಮ್ಮನೆ ಇಳಿಯುತ್ತದೆ. ನೋಬಾಲ್ ಅನ್ನು ಹಿಡಿಯಲೇಬೇಕು. ಗಾಯಗೊಂಡು ಹೊರನಡೆದವನು ನಾಟೌಟ್. ಪೂರ್ತಿ ಎಂಟು ಓವರ್ ಆಡಿದ ಇನ್ನಿಂಗ್ಸ್ ಆದರೆ, ಎಲ್ಲ ಬ್ಯಾಟ್ಸ್‌ಮನ್‌ಗಳ ಹೆಸರಿನ ಮುಂದಿರುವ ಎಸೆತಗಳನ್ನು ಕೂಡಿ. 48ಕ್ಕೆ ನೋಬಾಲ್‌ಗಳನ್ನು ಸೇರಿಸಿದಷ್ಟೇ ಬರಬೇಕು. ಹೆಚ್ಚು ಬಂದರೆ ಎಲ್ಲೋ ವೈಡ್ ಒಳಗೆ ಸೇರಿದೆ ಎಂದೇ ಮೊದಲು ಅನುಮಾನಿಸಿ.

— ಸಂಪಾದಕ