‘ನಾನು ಹಾಗಂದಿಲ್ಲ’ ಅಂದಾಗ ನೋಟ್‌ಬುಕ್ ಏನು ಹೇಳಬೇಕು?

ಪ್ರಶ್ನೆ: ಸಂಪಾದಕರೇ, ನಾನು ಹೊಸ ವರದಿಗಾರ್ತಿ. ಒಬ್ಬ ಎಂಜಿನಿಯರ್ ಹೇಳಿದ್ದು ಅಂತ ‘ಮಳೆಗಾಲಕ್ಕೆ ಮುಂಚೆ ಸೇತುವೆ ಮೇಲೆ ಭಾರಿ ವಾಹನ ನಿಲ್ಲಿಸುತ್ತೇವೆ’ ಎಂದು ಬರೆದೆ. ‘ನಾನು ನಿಲ್ಲಿಸ್ತೇವೆ ಅಂದಿಲ್ಲ, ನಿಲ್ಲಿಸಬೇಕಾಗಬಹುದು ಅಂದೆ’ ಎಂದು ಈಗ ಅವರು ತಕರಾರು ತೆಗೆದಿದ್ದಾರೆ. ಮಾತಿನ ನಡುವೆ ನನಗೊಂದು ಕರೆ ಬಂದು ಮೊಬೈಲ್ ರೆಕಾರ್ಡಿಂಗ್ ನಿಂತುಹೋಗಿತ್ತು. ನೋಟ್‌ಬುಕ್ಕಿನಲ್ಲಿ ‘ಮಳೆಗಾಲಕ್ಕೆ ಮುಂಚೆ – ಭಾರಿ ವಾಹನ ಬಂದ್’ ಅಂತ ಮಾತ್ರ ಇದೆ. ಈಗ ಏನು ಮಾಡಲಿ? ಮುಂದೆ ಹೀಗಾಗದ ಹಾಗೆ ಯಾವ ಅಭ್ಯಾಸ ಇಟ್ಟುಕೊಳ್ಳಲಿ?

ಉತ್ತರ: ನಿಮ್ಮ ನೋಟಿನಲ್ಲಿ ಏನಿಲ್ಲ ಅಂತ ನೋಡಿ. ಮಳೆಗಾಲ ಇದೆ, ವಾಹನ ಇದೆ, ಬಂದ್ ಇದೆ. ಕ್ರಿಯಾಪದ ಇಲ್ಲ. ಜಗಳ ನಡೆಯುತ್ತಿರುವುದು ಅದೊಂದರ ಮೇಲೇ.

ಕನ್ನಡದಲ್ಲಿ ವಾಕ್ಯದ ಜೀವ ಇರುವುದು ಬಾಲದಲ್ಲಿ. ನಿಲ್ಲಿಸ್ತೀವಿ, ನಿಲ್ಲಿಸಬಹುದು, ನಿಲ್ಲಿಸಬೇಕಿತ್ತು, ನಿಲ್ಲಿಸೋಕಾಗಲ್ಲ. ಭರವಸೆ, ಅನುಮಾನ, ಆರೋಪ, ನಿರಾಕರಣೆ, ಎಲ್ಲವೂ ಕೊನೆಯ ಒಂದೆರಡು ಅಕ್ಷರದಲ್ಲಿ ಬದಲಾಗುತ್ತವೆ. ವೇಗವಾಗಿ ಬರೆಯುವವರು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ನಾಮಪದಗಳನ್ನು ಬರೆದುಕೊಳ್ಳುತ್ತಾರೆ, ಬಾಲ ಬರುವಷ್ಟರಲ್ಲಿ ಎದುರಿನವರು ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ. ಸಂಜೆ ಬರೆಯಲು ಕೂತಾಗ ಆ ಖಾಲಿ ಜಾಗವನ್ನು ನೆನಪು ತುಂಬುತ್ತದೆ. ನೆನಪು ಸಾಮಾನ್ಯವಾಗಿ ಸುದ್ದಿಗೆ ಒಪ್ಪುವ ಬಾಲವನ್ನೇ ಹುಡುಕಿ ಕೊಡುತ್ತದೆ.

ಹಾಗಾಗಿ ಮೊದಲ ಅಭ್ಯಾಸ ಇದು: ಮುಖ್ಯ ಅನ್ನಿಸಿದ ವಾಕ್ಯದಲ್ಲಿ ಮೊದಲರ್ಧವನ್ನು ಬೇಕಾದರೆ ಮೊಟಕು ಮಾಡಿ, ಕೊನೆಯ ಪದವನ್ನು ಮಾತ್ರ ಪೂರ್ತಿ ಬರೆಯಿರಿ. ‘ಮಗಾ ಮುಂಚೆ ಭಾವಾ ನಿಲ್ಲಿಸಬೇಕಾಗಬಹುದು’ ಅಂತ ಗೀಚಿದ್ದರೂ ಸಾಕಿತ್ತು, ನಿಮ್ಮ ಕೈಯಲ್ಲಿ ಆಧಾರ ಇರುತ್ತಿತ್ತು. ಅವರು ಆಡುಮಾತಿನಲ್ಲಿ ‘ನಿಲ್ಸೋಣ ನೋಡೋಣ’ ಅಂದರೆ ಹಾಗೆಯೇ ಬರೆದುಕೊಳ್ಳಿ. ಅಚ್ಚಿಗೆ ಹೋಗುವಾಗ ಗ್ರಂಥಸ್ಥ ರೂಪಕ್ಕೆ ತರುವುದು ಬೇರೆ ಕೆಲಸ. ‘ನಿಲ್ಸ್ತೀವಿ’ ಅನ್ನುವುದನ್ನು ‘ನಿಲ್ಲಿಸುತ್ತೇವೆ’ ಅಂತ ಮಾಡಿದರೆ ಯಾರೂ ತಕರಾರು ಮಾಡಲ್ಲ. ಆದರೆ ‘ನೋಡೋಣ’ ಅನ್ನುವುದು ಆ ಇಸ್ತ್ರಿಯಲ್ಲಿ ಮಾಯವಾದರೆ ಅರ್ಥವೇ ಹೋಯಿತು.

ಎರಡನೆಯದು, ಪುಟದ ಮೇಲೆ ಮೂರು ದನಿಗಳನ್ನು ಬೇರೆ ಬೇರೆ ಇಡುವುದು. ಅವರ ಬಾಯಿಂದ ಬಂದ ಪದಗಳು ಉದ್ಧರಣ ಚಿಹ್ನೆಯ ಒಳಗೆ. ಅವರು ಹೇಳಿದ್ದರ ಸಾರಾಂಶ ಚಿಹ್ನೆ ಇಲ್ಲದೆ. ನಿಮ್ಮ ಅನುಮಾನ, ಮುಂದಿನ ಪ್ರಶ್ನೆ, ಕೋಣೆಯಲ್ಲಿ ಕಂಡದ್ದು ಚೌಕ ಆವರಣದಲ್ಲಿ. ಜೊತೆಗೆ ನಿಮ್ಮ ಪ್ರಶ್ನೆಯನ್ನೂ ಎರಡು ಪದದಲ್ಲಿ ಬರೆಯಿರಿ. ಬಹಳ ಜನ ಇದನ್ನು ಬಿಡುತ್ತಾರೆ. ನಿಮ್ಮ ಪುಟ ಹೀಗಿದ್ದಿದ್ದರೆ:

ಪ್ರ: ಯಾವಾಗಿಂದ ಬಂದ್?
ಉ: ‘ಮಳೆಗಾಲಕ್ಕೆ ಮುಂಚೆ… ನಿಲ್ಲಿಸಬೇಕಾಗಬಹುದು’ (14:20)
ಕಂಬದ ಪರೀಕ್ಷೆ ವರದಿ ಇನ್ನೂ ಬಂದಿಲ್ಲವಂತೆ
[ಆದೇಶ ಯಾರು ಹೊರಡಿಸಬೇಕು? ಕೇಳು]

ಆವರಣದಲ್ಲಿರುವ 14:20 ಗಡಿಯಾರದ ಸಮಯ ಅಲ್ಲ. ರೆಕಾರ್ಡರ್ ಪರದೆ ಮೇಲೆ ಓಡುವ ನಿಮಿಷ, ಸೆಕೆಂಡು. ಮುಖ್ಯ ಮಾತು ಬಂದಾಗ ಒಮ್ಮೆ ಆ ಕಡೆ ಕಣ್ಣು ಹಾಯಿಸಿ ಅಂಚಿನಲ್ಲಿ ಬರೆದರೆ ಆಯಿತು. ಗಂಟೆಗಟ್ಟಲೆ ರೆಕಾರ್ಡಿಂಗ್ ಇದ್ದರೂ ಆ ಮಾತನ್ನು ಒಂದು ನಿಮಿಷದಲ್ಲಿ ಹುಡುಕಬಹುದು. ಇಲ್ಲದಿದ್ದರೆ ಗಡುವಿನ ಒತ್ತಡದಲ್ಲಿ ಯಾರೂ ಪೂರ್ತಿ ಕೇಳಲ್ಲ. ರೆಕಾರ್ಡಿಂಗ್ ಇದ್ದೂ ತಪ್ಪು ಅಚ್ಚಾಗುವುದು ಹೀಗೆ.

ಪ್ರಶ್ನೆ ಯಾಕೆ ಬರೆಯಬೇಕು ಅನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಪ್ರಸಿದ್ಧವಾದ ಒಂದು ಮೊಕದ್ದಮೆ ಇದೆ. ಅಮೆರಿಕದ ಪತ್ರಕರ್ತೆ ಜಾನೆಟ್ ಮಾಲ್ಕಮ್, ಮನೋವಿಶ್ಲೇಷಕ ಜೆಫ್ರಿ ಮ್ಯಾಸನ್ ಬಗ್ಗೆ ನ್ಯೂಯಾರ್ಕರ್ ಪತ್ರಿಕೆಯಲ್ಲಿ 1983ರಲ್ಲಿ ದೀರ್ಘ ಲೇಖನ ಬರೆದರು. ಉದ್ಧರಣ ಚಿಹ್ನೆಯೊಳಗಿನ ಕೆಲವು ಮಾತು ತನ್ನದಲ್ಲ ಎಂದು ಮ್ಯಾಸನ್ 1984ರಲ್ಲಿ ದಾವೆ ಹೂಡಿದರು. ಮಾಲ್ಕಮ್ ಬಳಿ 40 ಗಂಟೆಗೂ ಜಾಸ್ತಿ ಟೇಪ್ ಇತ್ತು. ಆದರೆ ವಿವಾದದ ಕೆಲವು ಮಾತು ಟೇಪಿನಲ್ಲಿ ಸಿಗಲಿಲ್ಲ. ಟೇಪ್ ಓಡದಿದ್ದಾಗ ಕೈಯಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡಿದ್ದೆ ಎಂದು ಅವರು ವಿವರಿಸಿದರು. ಟೈಪ್ ಮಾಡಿದ ಹಾಳೆ ಇತ್ತು, ಕೈಬರಹದ ಮೂಲ ಇರಲಿಲ್ಲ. ಇನ್ನೊಂದು ಉದ್ಧರಣೆಯಲ್ಲಿ ನಡುವಿನ ಒಂದಷ್ಟು ಮಾತು, ಬಿಟ್ಟಿದ್ದೇವೆ ಅನ್ನುವ ಗುರುತಿಲ್ಲದೆ ಹೋಗಿತ್ತು. ಅದರಿಂದ ಕೊನೆಯಲ್ಲಿದ್ದ ಒಂದು ಚಿಕ್ಕ ವಾಕ್ಯ ಬೇರೆಯದೇ ಮಾತಿಗೆ ಕೊಟ್ಟ ಉತ್ತರದಂತೆ ಕಾಣುತ್ತದೆ ಅನ್ನುವುದು ವಾದ. ಅಂದರೆ ಪದಗಳು ನಿಜ, ಜಾಗ ಬೇರೆ.

1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದರ ತಿರುಳು ಇಷ್ಟು: ಪದ ಬದಲಾದ ಮಾತ್ರಕ್ಕೆ ಅದು ಬೇಕೆಂದೇ ಹೇಳಿದ ಸುಳ್ಳಾಗುವುದಿಲ್ಲ, ಬದಲಾವಣೆಯಿಂದ ಅರ್ಥ ಗಣನೀಯವಾಗಿ ಬದಲಾಗಿದೆಯೇ ಎಂದು ನೋಡಬೇಕು. 1994ರಲ್ಲಿ ಜ್ಯೂರಿ ಮಾಲ್ಕಮ್ ಪರ ತೀರ್ಪು ಕೊಟ್ಟಿತು. ಕಾಣೆಯಾಗಿದ್ದ ನೋಟ್‌ಬುಕ್ ಮನೆಯಲ್ಲೇ ಸಿಕ್ಕಿತು ಎಂದು ಅವರು ಹೇಳಿದ್ದು 1995ರಲ್ಲಿ! ಗೆದ್ದರು ನಿಜ. ಆದರೆ ಒಂದು ನೋಟ್‌ಬುಕ್ ಸರಿಯಾದ ಕಪಾಟಿನಲ್ಲಿ ಇದ್ದಿದ್ದರೆ ವರ್ಷಗಟ್ಟಲೆ ಎಳೆದ ಆ ವಾದದಲ್ಲಿ ಎಷ್ಟು ಭಾಗ ಉಳಿಯುತ್ತಿತ್ತು?

ಇದರಿಂದ ನಾನು ಬಿಡದೆ ಹೇಳುವ ನಿಯಮ: ಅಂದ ಕಾಣಲಿ ಅಂತ ನೋಟನ್ನು ಮತ್ತೆ ಬರೆಯಬೇಡಿ. ಬರೆದರೂ ಗಲೀಜಾದ ಮೂಲವನ್ನು ಎಸೆಯಬೇಡಿ. ನಂಬಿಕೆ ಹುಟ್ಟಿಸುವುದು ಆ ಗಲೀಜು ಪುಟವೇ. ಪುಟಗಳು ಸಾಲಾಗಿ ಇರುವ ಹೊಲಿದ ನೋಟ್‌ಬುಕ್ ಒಳ್ಳೆಯದು, ಹಿಂದಿನ ದಿನದ ಸಂದರ್ಶನಕ್ಕೂ ಮುಂದಿನ ದಿನದ್ದಕ್ಕೂ ಮಧ್ಯೆ ಯಾರೂ ಪುಟ ಸೇರಿಸಲಾರರು. ಬಿಡಿ ಹಾಳೆಗೆ ಆ ಬಲ ಇಲ್ಲ. ಸಂದರ್ಶನ ಮುಗಿದ ಕೂಡಲೇ ಎಲ್ಲಾದರೂ ಕೂತು ನೆನಪಿರುವುದನ್ನು ತುಂಬಿಸುವುದು ಒಳ್ಳೆ ಅಭ್ಯಾಸ. ಆದರೆ ಒಂದು ಗೆರೆ ಎಳೆದು, ‘ನೆನಪಿನಿಂದ, ಸಂಜೆ 5:10’ ಅಂತ ಬರೆದು, ಅದರ ಕೆಳಗೆ ತುಂಬಿಸಿ. ಮೇಲಿನ ಸಾಲುಗಳ ಮಧ್ಯೆ ತುರುಕಬೇಡಿ. ತಕರಾರು ಬಂದ ಮೇಲಂತೂ ಆ ಪುಟದ ಮೇಲೆ ಪೆನ್ನೇ ಇಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ನೋಟ್‌ಬುಕ್ಕಿನಲ್ಲಿ ಮೂಲದವರ ಬಗ್ಗೆ ‘ಸುಳ್ಳಾ’, ‘ಇವನಿಗೆ ಬುದ್ಧಿ ಕಲಿಸ್ಬೇಕು’ ಅಂತೆಲ್ಲ ಗೀಚುವ ಚಟ ಕೆಲವರಿಗಿದೆ. ಆ ಪುಟವನ್ನು ಮುಂದೊಂದು ದಿನ ಎದುರು ಪಕ್ಷದ ವಕೀಲರು ಗಟ್ಟಿಯಾಗಿ ಓದಬಹುದು. ನಿಮಗೆ ದ್ವೇಷ ಇತ್ತು ಅಂತ ತೋರಿಸಲು ಅವರಿಗೆ ಬೇರೆ ಸಾಕ್ಷಿ ಬೇಕಾಗಲ್ಲ.

ಇನ್ನು ರೆಕಾರ್ಡಿಂಗ್. ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುವುದು ಬಹಳಷ್ಟು ಮೊಬೈಲುಗಳಲ್ಲಿ ಇದ್ದದ್ದೇ. ಏರೋಪ್ಲೇನ್ ಮೋಡ್ ಹಾಕಿ ಶುರು ಮಾಡಿ. ಮೊದಲೇ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕೇಳಿ ನೋಡಿ. ಫ್ಯಾನಿನ ಸದ್ದು ಎಷ್ಟು ಅಂತ ಆಗಲೇ ಗೊತ್ತಾಗುತ್ತದೆ. ಅಸಲಿ ರೆಕಾರ್ಡಿಂಗ್ ಶುರುವಾದ ಮೇಲೆ ದಿನಾಂಕ, ಸಮಯ, ಯಾರ ಜೊತೆ ಎಂದು ನಿಮ್ಮ ದನಿಯಲ್ಲೇ ಹೇಳಿ. ‘ರೆಕಾರ್ಡ್ ಮಾಡ್ತಿದ್ದೀನಿ ಸಾರ್, ಪರವಾಗಿಲ್ವಾ?’ ಅಂತ ಕೇಳಿ, ಅವರ ‘ಹೂಂ’ ಕೂಡ ಅದರಲ್ಲಿ ಇರಲಿ. ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು ಅನ್ನುವ ಕಾನೂನು ಕೆಲವು ಕಡೆ ಇದೆ, ಎಲ್ಲರ ಒಪ್ಪಿಗೆ ಬೇಕು ಅನ್ನುವುದು ಇನ್ನು ಕೆಲವು ಕಡೆ. ಗಟ್ಟಿಯಾಗಿ ಕೇಳಿಬಿಟ್ಟರೆ ಎರಡೂ ಕಡೆ ಸಲ್ಲುತ್ತದೆ. ರೆಕಾರ್ಡರ್ ಓಡುತ್ತಿದ್ದರೂ ಬರೆಯುವುದನ್ನು ನಿಲ್ಲಿಸಬೇಡಿ. ಎರಡೂ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಇರುತ್ತದೆ.

ಮನೆಗೆ ಬಂದ ಮೇಲೆ ಫೈಲಿನ ಒಂದು ಪ್ರತಿ ತೆಗೆದು, ಕೆಲಸವನ್ನೆಲ್ಲ ಪ್ರತಿಯಲ್ಲಿ ಮಾಡಿ. ಮೂಲ ಫೈಲನ್ನು ಕತ್ತರಿಸಬೇಡಿ, ಅದರ ಸದ್ದು ತೆಗೆಯಬೇಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದನ್ನೇ ಮೂಲ ಅಂತ ಇಟ್ಟುಕೊಳ್ಳಬೇಡಿ. ಹಾಗೆ ಕೈದಾಟುವಾಗ ಫೈಲಿನ ಹೆಸರು, ದಿನಾಂಕ ಬದಲಾಗಬಹುದು, ಆಮೇಲೆ ‘ಇದು ಅವತ್ತಿನದೇ’ ಅಂತ ತೋರಿಸುವುದು ಕಷ್ಟ.

‘ಹೇಳಿದ್ದು ಹೌದು, ಆದರೆ ಆಫ್ ದ ರೆಕಾರ್ಡ್’ ಅನ್ನುವ ತಕರಾರು ಬೇರೆ ಜಾತಿಯದು. ಅಲ್ಲಿ ಪದ ಮುಖ್ಯ ಅಲ್ಲ, ಒಪ್ಪಂದ ಯಾವಾಗ ಆಯಿತು ಅನ್ನುವುದು ಮುಖ್ಯ. ಅವರು ಕೇಳಿದ ಕ್ಷಣ, ನೀವು ಒಪ್ಪಿದ್ದು, ಮತ್ತೆ ರೆಕಾರ್ಡಿಗೆ ಬಂದದ್ದು, ಮೂರನ್ನೂ ಸಮಯದ ಸಮೇತ ಅಂಚಿನಲ್ಲಿ ಬರೆದಿಡಿ.

ಇಷ್ಟೆಲ್ಲದರಲ್ಲಿ ಅಗ್ಗವಾದದ್ದು, ಅತಿ ಜಾಸ್ತಿ ಕಾಯುವುದು, ಏಳುವ ಮುಂಚಿನ ಎರಡು ನಿಮಿಷ. ‘ಸಾರ್, ನೀವು ಹೇಳಿದ್ದು ಹೀಗೆ ಬರ್ಕೊಂಡಿದ್ದೀನಿ’ ಎಂದು ಮುಖ್ಯವಾದ ಎರಡು ಮೂರು ವಾಕ್ಯ ಓದಿ ಹೇಳಿ. ರೆಕಾರ್ಡರ್ ಆಗಲೂ ಓಡುತ್ತಿರಲಿ. ವರದಿ ತೋರಿಸುವುದು ಬೇಡ, ಅವರ ವಾಕ್ಯ ಮಾತ್ರ ಓದಿ. ಅವರು ಅಲ್ಲೇ ‘ನಿಲ್ಲಿಸ್ತೀವಿ ಅಂತ ಹಾಕ್ಬೇಡಿ, ಇನ್ನೂ ಆದೇಶ ಆಗಿಲ್ಲ’ ಅಂದಿದ್ದರೆ, ಅದೇ ನಿಮಗೆ ಇನ್ನೂ ಒಳ್ಳೆ ಸುದ್ದಿ ಆಗುತ್ತಿತ್ತು, ಅಲ್ವಾ?

ಎಷ್ಟು ದಿನ ಇಟ್ಟುಕೊಳ್ಳಬೇಕು? ಮಾನಹಾನಿ ದಾವೆ ಹೂಡಲು ನಿಮ್ಮ ಕಡೆಯ ಕಾನೂನು ಕೊಡುವ ಗಡುವು ದಾಟುವವರೆಗೆ, ಅದರ ಮೇಲೆ ಸ್ವಲ್ಪ ದಿನ. ಆಮೇಲೆ ನಾಶ ಮಾಡುವುದಾದರೆ ಎಲ್ಲವನ್ನೂ ಒಂದೇ ಪದ್ಧತಿಯಲ್ಲಿ ಮಾಡಿ. ನೋಟಿಸ್ ಬಂದ ಮೇಲೆ ಒಂದು ಪುಟ ಮಾತ್ರ ಕಾಣೆಯಾದರೆ ಯಾವ ವಿವರಣೆಯೂ ನಡೆಯಲ್ಲ. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಟ್ಟ ಮೂಲದ ಹೆಸರನ್ನು ಮೊದಲೇ ಆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ.

ಈಗ ನಿಮ್ಮ ಎಂಜಿನಿಯರ್ ವಿಷಯ. ಅವರ ಜೊತೆ ನೆನಪಿನ ಮೇಲೆ ವಾದ ಮಾಡಬೇಡಿ. ಯಾವ ಪದ ತಪ್ಪು ಅಂತ ಕೇಳಿ, ಅವರು ಫೋನಿನಲ್ಲಿ ಹೇಳಿದ್ದನ್ನೂ ದಿನಾಂಕ ಹಾಕಿ ಬರೆದುಕೊಳ್ಳಿ. ರೆಕಾರ್ಡಿಂಗನ್ನು ಕಳಿಸುತ್ತೇನೆ ಎಂದು ಒಪ್ಪಿಕೊಳ್ಳಬೇಡಿ, ಮೊದಲು ನಿಮ್ಮ ಸಂಪಾದಕರಿಗೆ ತಿಳಿಸಿ. ಕರೆ ಬಂದ ಸಮಯ ಮೊಬೈಲಿನ ಕರೆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದು ಉಳಿದಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ರೆಕಾರ್ಡಿಂಗ್ ಮುಗಿದ ನಿಮಿಷಕ್ಕೆ ಅದು ಹೊಂದಿದರೆ, ನೀವು ಬೇಕಂತ ಕತ್ತರಿಸಿಲ್ಲ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಉಳಿದ ಭಾಗವನ್ನು ಮೊದಲಿನಿಂದ ಕೇಳಿ. ಬಂದ್ ಮಾಡುವ ಮಾತು ಅಲ್ಲಿ ಇನ್ನೊಂದು ಸಲ ಬಂದಿದೆಯಾ, ಬಂದಿದ್ದರೆ ಯಾವ ಬಾಲದ ಜೊತೆ ಬಂದಿದೆ ಅಂತ ನೋಡಿ.

‘ನಿಲ್ಲಿಸ್ತೀವಿ’ ಅಂತ ಅಲ್ಲಿ ಸಿಕ್ಕರೆ ಆ ಸಾಲನ್ನೂ ನಿಮಿಷವನ್ನೂ ಬರೆದು ಅವರಿಗೆ ಉತ್ತರ ಕೊಡಿ. ಸಿಗದಿದ್ದರೆ ಉದ್ಧರಣ ಚಿಹ್ನೆಯನ್ನು ಸಮರ್ಥಿಸಲು ನಿಮ್ಮ ಹತ್ತಿರ ಏನೂ ಇಲ್ಲ. ನೋಟಿನಲ್ಲಿರುವುದು ಸಾರಾಂಶ, ಅವರ ವಾಕ್ಯ ಅಲ್ಲ. ಆಗ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿಸಿ: ‘ಭಾರಿ ವಾಹನ ನಿಲ್ಲಿಸಬೇಕಾಗಬಹುದು ಎಂದು ಎಂಜಿನಿಯರ್ ಸ್ಪಷ್ಟಪಡಿಸಿದ್ದಾರೆ.’ ಕಂಬದ ಪರೀಕ್ಷೆ ವರದಿ ಬಂತಾ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ.