ಗೋಲ್‌ಕೀಪರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು

ಪ್ರಶ್ನೆ: ಎದುರಾಳಿ ಒಬ್ಬನೇ ಬಾಲ್ ತಗೊಂಡು ನುಗ್ಗಿದಾಗ ಕೀಪರ್ ಎಷ್ಟು ಮುಂದೆ ಬರಬೇಕು? ಬಂದರೆ ತಲೆ ಮೇಲಿಂದ ಹಾಕ್ತಾರೆ, ನಿಂತರೆ ಪಕ್ಕದಿಂದ ಹಾಕ್ತಾರೆ.

ಎಷ್ಟು ದೂರ ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಅವನ ಕಾಲಿನಿಂದ ಬಾಲ್ ಸ್ವಲ್ಪ ಮುಂದೆ ಜಾರಿತು ಅಂದರೆ ಓಡಿ. ಆಗ ಅವನು ಹೊಡೆಯೋಕೆ ಆಗಲ್ಲ. ಬಾಲ್ ಮತ್ತೆ ಅವನ ಕಾಲಿಗೆ ಸಿಗುವ ಹೊತ್ತಿಗೆ ನೀವು ನಿಂತಿರಬೇಕು. ಎರಡೂ ಪಾದ ನೆಲದ ಮೇಲೆ, ಮಂಡಿ ಸ್ವಲ್ಪ ಬಾಗಿ, ಕೈ ಬದಿಗೆ. ಓಡುತ್ತಾ ಇರುವವನು ಪಕ್ಕಕ್ಕೆ ಹಾರೋಕೆ ಆಗಲ್ಲ, ಅಲ್ವಾ?

ಮುಂದೆ ಬಂದರೆ ಏನು ಲಾಭ ಅಂತ ಒಂದು ಲೆಕ್ಕ ನೋಡಿ. ಗೋಲಿನ ಅಗಲ 7.32 ಮೀಟರ್. ಬಾಲ್ ಗೋಲಿನ ನೇರಕ್ಕೆ 16 ಮೀಟರ್ ದೂರದಲ್ಲಿದೆ ಅನ್ನಿ. ನೀವು 8 ಮೀಟರ್ ಮುಂದೆ ಬಂದರೆ ಕಾಯಬೇಕಾದ ಅಗಲ ಅರ್ಧ, ಅಂದರೆ 3.66 ಮೀಟರ್. ಕೈ ಚಾಚಿ ನಿಂತರೆ ಸುಮಾರು ಎರಡು ಮೀಟರ್ ನೀವೇ ತುಂಬುತ್ತೀರಿ. ಎರಡು ಬದಿಗೂ ಉಳಿಯೋದು ಒಂದು ಮೀಟರಿಗೂ ಕಡಿಮೆ. ಗಂಟೆಗೆ 90 ಕಿಲೋಮೀಟರ್ ವೇಗದ ಹೊಡೆತ ನಿಮ್ಮ ತನಕದ 8 ಮೀಟರ್ ಬರೋಕೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು, ಕೈ ಹಾಕೋಕೆ ಅಷ್ಟು ಸಾಕು.

ಇನ್ನೂ ಹತ್ತಿರ, ಅಂದರೆ ಮೂರು ಮೀಟರಿಗೆ ಬಂದರೆ ಆಟವೇ ಬೇರೆ. ನೋಡಿ ಹಾರೋಕೆ ಸಮಯವೇ ಇಲ್ಲ. ಅಲ್ಲಿ ಕೈಕಾಲು ಅಗಲಿಸಿ ಮೈಯನ್ನೇ ಅಡ್ಡ ಹಾಕಬೇಕು. 2022ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಹೆಚ್ಚುವರಿ ಸಮಯದ ಕೊನೆಯಲ್ಲಿ, 3-3 ಇದ್ದಾಗ, ಫ್ರಾನ್ಸಿನ ಕೊಲೊ ಮುವಾನಿ ಒಬ್ಬನೇ ನುಗ್ಗಿದ. ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ ಮುಂದೆ ಬಂದು ಕೈ ಅಗಲಿಸಿ ಎಡಗಾಲು ಚಾಚಿದ, ಬಾಲ್ ಆ ಕಾಲಿಗೆ ಬಡಿಯಿತು. ಮೊದಲೇ ಒಂದು ಬದಿಗೆ ಬಿದ್ದುಬಿಟ್ಟಿದ್ದರೆ ಆ ಕಾಲು ಅಲ್ಲಿ ಇರುತ್ತಲೇ ಇರಲಿಲ್ಲ.

ನಿಮ್ಮ ತಲೆ ಮೇಲಿಂದ ಹಾಕ್ತಾರೆ ಅಂದರೆ, ನನ್ನ ಅನುಮಾನ, ಬಾಲ್ ಇನ್ನೂ ದೂರ ಇರುವಾಗಲೇ ನೀವು ಹೊರಟುಬಿಡ್ತೀರಿ. ಬಾಲ್ 30 ಮೀಟರ್ ದೂರ ಇದ್ದು ನೀವು ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿದ್ದರೆ, ಬಾಲ್ ಎತ್ತಿ ಇಳಿಸೋಕೆ ಅವನಿಗೆ ಬೇಕಾದಷ್ಟು ಜಾಗ. ಅವನು ತಲೆ ಎತ್ತಿ ನಿಮ್ಮ ಕಡೆ ನೋಡಿದರೆ ನಿಲ್ಲಿ. ತಲೆ ತಗ್ಗಿಸಿ ಬಾಲ್ ತಳ್ಳಿದರೆ ಮುಂದೆ ಬನ್ನಿ.

ಬದಿಯಿಂದ ಬಂದರೆ ಗೋಲಿನ ನಡುವಿನಲ್ಲೇ ನಿಲ್ಲಬೇಡಿ. ಎರಡು ಕಂಬಕ್ಕೂ ಹಗ್ಗ ಕಟ್ಟಿ, ತುದಿಗಳನ್ನು ಬಾಲ್ ಹತ್ತಿರ ಒಬ್ಬರ ಕೈಗೆ ಕೊಡಿ. ನೀವು ಎರಡು ಹಗ್ಗಕ್ಕೂ ಸಮ ದೂರದಲ್ಲಿ ನಿಂತುಕೊಂಡು ತಿರುಗಿ ನೋಡಿ. ನೀವಂದುಕೊಂಡಿದ್ದಕ್ಕಿಂತ ಹತ್ತಿರದ ಕಂಬದ ಕಡೆಗೇ ಜಾಸ್ತಿ ಇರುತ್ತೀರಿ. ಆಮೇಲೆ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಒದೆಯುವ ಕ್ಷಣದಲ್ಲಿ ತಡೆದು ನೋಡಿದಾಗ ನಿಮ್ಮ ಒಂದು ಪಾದ ಗಾಳಿಯಲ್ಲಿದ್ದರೆ, ಒಂದು ಹೆಜ್ಜೆ ಮೊದಲೇ ನಿಲ್ಲಬೇಕಿತ್ತು.