ಅನ್ನ ಬಿಟ್ಟ ಮಗಳು, ಹೊಗಳುವ ನೆಂಟರು

*ಮಗಳು ಪಿಯುಸಿ ಓದುತ್ತಿದ್ದಾಳೆ. ಮದುವೆಮನೆಯಲ್ಲಿ ಯಾರೋ ‘ಏನೇ, ಇಷ್ಟು ದಪ್ಪ ಆಗಿದ್ದೀಯ’ ಅಂದ ಮೇಲೆ ಅನ್ನ ಬಿಟ್ಟಳು. ಐದು ತಿಂಗಳಲ್ಲಿ 68 ಕೆಜಿಯಿಂದ 54ಕ್ಕೆ ಬಂದಿದ್ದಾಳೆ. ಎಲ್ಲರೂ ಚೆನ್ನಾಗಿ ಕಾಣ್ತಾಳೆ ಅಂತಾರೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಇದು ವಯಸ್ಸಿನ ಹಠವೇ?*
*— ಒಬ್ಬ ತಾಯಿ, ತೀರ್ಥಹಳ್ಳಿ*

ಹಠ ಅಂದುಕೊಂಡು ಕಾಯಬೇಡಿ. ಇದು ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಮನಸ್ಸಿನ ಕಾಯಿಲೆ, ಅನೊರೆಕ್ಸಿಯಾ, ಇರಬಹುದು. ಈ ವಾರವೇ ವೈದ್ಯರಿಗೆ ತೋರಿಸಿ.

ಇಲ್ಲಿ ಮೋಸ ಮಾಡುವುದು ಆ 54. ಚಾರ್ಟು ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ ಮೈಯ ಐದನೇ ಒಂದು ಪಾಲು ಕರಗಿದೆ, ಅದೂ ಬೆಳೆಯುವ ವಯಸ್ಸಿನಲ್ಲಿ. ಊಟ ಸಾಲದಾದಾಗ ದೇಹ ಮುಟ್ಟನ್ನು ನಿಲ್ಲಿಸುತ್ತದೆ, ನಾಡಿಯನ್ನು ನಿಧಾನ ಮಾಡುತ್ತದೆ. ಕೈಕಾಲು ತಣ್ಣಗಾಗುತ್ತವೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ತೆಳ್ಳಗೆ ಕಾಣದ ಮಕ್ಕಳಲ್ಲೂ ಹೀಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ಸ್ವೆಟರ್ ಹಾಕದವರು ಯಾರು ಹೇಳಿ? ಬಿಸಿಲಿರುವ ಮಧ್ಯಾಹ್ನವೂ ಅವಳಿಗೆ ಚಳಿಯಾಗುತ್ತದಾ, ಅದನ್ನು ಗಮನಿಸಿ.

ತಟ್ಟೆಯನ್ನೂ ನೋಡಿ. ಒಂದು ಕಡುಬನ್ನು ಚೂರುಚೂರು ಮಾಡಿ ಅರ್ಧ ಗಂಟೆ ಕೂರುತ್ತಾಳಾ? ಎಲ್ಲರಿಗೂ ಖುಷಿಯಿಂದ ಅಡುಗೆ ಮಾಡಿ ಬಡಿಸಿ, ತಾನು ಮಾತ್ರ ‘ಗೆಳತಿ ಮನೆಯಲ್ಲಿ ತಿಂದೆ’ ಅನ್ನುತ್ತಾಳಾ? ಶನಿವಾರದ ಒಪ್ಪತ್ತು ಸೋಮವಾರಕ್ಕೂ ಗುರುವಾರಕ್ಕೂ ಹಬ್ಬಿದೆಯಾ? ನಮ್ಮ ಕಡೆ ವ್ರತ ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅದೇ ತೊಂದರೆ. ಊಟ ಮುಗಿದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದರೆ, ಕೆನ್ನೆ ಊದಿಕೊಂಡಿದ್ದರೆ, ಬೆರಳ ಗೆಣ್ಣಿನ ಮೇಲೆ ಹಲ್ಲಿನ ಗಾಯವಿದ್ದರೆ ವಾಂತಿ ಮಾಡಿಕೊಳ್ಳುತ್ತಿರಬಹುದು. ಹುಡುಗರಲ್ಲಿ ಇದು ಜಿಮ್ಮು, ಪ್ರೋಟೀನ್ ಪುಡಿ ಅಂತ ಬೇರೆ ವೇಷದಲ್ಲಿ ಬರುತ್ತದೆ.

ನೆಂಟರ ಹೊಗಳಿಕೆಯಂತೂ ಬೆಂಕಿಗೆ ತುಪ್ಪ. ಹಸಿದದ್ದಕ್ಕೆ ಬಹುಮಾನ ಸಿಕ್ಕ ಹಾಗಾಗುತ್ತದೆ. ಅವಳೆದುರು ಮೈಯ ಮಾತೇ ಬೇಡ ಅಂತ ಅವರಿಗೆ ನೇರವಾಗಿ ಹೇಳಿ. ಅವಳಿಗೆ ‘ಹಾಳಾಗಿ ಹೋಗಿದ್ದೀಯ, ತಿನ್ನೇ’ ಅಂತಲೂ ಬೈಯಬೇಡಿ. ಹೊತ್ತು ಹೊತ್ತಿಗೆ ನೀವೇ ಬಡಿಸಿ, ಜೊತೆಗೆ ಕೂತು ಉಣ್ಣಿ. ಆದರೆ ತಿಂಗಳುಗಟ್ಟಲೆ ಉಪವಾಸವಿದ್ದವಳಿಗೆ ಒಮ್ಮೆಲೇ ಜಾಸ್ತಿ ತಿನ್ನಿಸಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ಅಪಾಯವಾಗಬಹುದು. ಎಷ್ಟು, ಹೇಗೆ ಹೆಚ್ಚಿಸಬೇಕು ಅಂತ ವೈದ್ಯರು ಹೇಳಲಿ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವೂ ಮನೋರೋಗ ವಿಭಾಗವೂ ಇವೆ. ಎರಡೂ ಕಡೆ ತೋರಿಸಬೇಕಾಗುತ್ತದೆ. ಅಷ್ಟರೊಳಗೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ತಲೆ ತಿರುಗಿ ಬಿದ್ದರೆ, ಇಲ್ಲವೇ ಎಚ್ಚರವಿದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ ಕಾಯುವ ಹಾಗಿಲ್ಲ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಟ್ಟು ನಿಲ್ಲಲು ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದು, ಅದನ್ನೂ ನೋಡುತ್ತಾರೆ. ಇಸಿಜಿಯನ್ನೂ ಕೇಳಿ ಮಾಡಿಸಿ. ರಕ್ತದ ರಿಪೋರ್ಟು ಸರಿಯಿದೆ ಅಂದಮಾತ್ರಕ್ಕೆ ವಾಪಸ್ ಬರಬೇಡಿ. ಈ ಕಾಯಿಲೆಯಲ್ಲಿ ಅದು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ.

ಹೋಗುವಾಗ ಹಳೆಯ ತೂಕ, ಕೊನೆಯ ಮುಟ್ಟಿನ ತಾರೀಖು ಚೀಟಿಯಲ್ಲಿ ಬರೆದುಕೊಳ್ಳಿ. 54 ಒಂದೇ ಕಣ್ಣಿಗೆ ಬಿದ್ದರೆ ವೈದ್ಯರೂ ಸುಮ್ಮನಾಗಿಬಿಡಬಹುದು.

— ಸಂ.